ಬೇಸಿಗೆಯ ಫೋಟೊಗೆ ಬೆಚ್ಚನೆಯ ಉಡುಪು: ಸ್ವೆಟರ್, ಜಾಕೆಟ್, ಸ್ಕಾರ್ಫ್ ಸಹಜವಾಗಿ ಕೂರುವ ಬಗೆ

ಬೇಸಿಗೆಯಲ್ಲಿ ತೆಗೆದ ಫೋಟೊ ಒಂದರಲ್ಲಿರುವ ವ್ಯಕ್ತಿಗೆ ಕಂಪ್ಯೂಟರಿನಲ್ಲಿ ಸ್ವೆಟರ್ ತೊಡಿಸಿ, ಅದರ ಮೇಲೆ ಜಾಕೆಟ್ ಹಾಕಿ, ಕೊರಳಿಗೆ ಸ್ಕಾರ್ಫ್ ಸುತ್ತಿದಾಗ, ನೋಡುವವರಿಗೆ ಅನುಮಾನ ಹುಟ್ಟುವುದು ಬಟ್ಟೆಯ ನಡುಭಾಗವನ್ನು ನೋಡಿ ಅಲ್ಲ. ಎದೆಯ ಮೇಲಿನ ಹೆಣಿಗೆ ಎಷ್ಟೇ ಸ್ಪಷ್ಟವಾಗಿರಲಿ, ಜಾಕೆಟ್ಟಿನ ಬಣ್ಣ ಎಷ್ಟೇ ಚೆನ್ನಾಗಿರಲಿ, ಕಣ್ಣು ತಾನಾಗಿಯೇ ಹೋಗುವುದು ಒಂದು ಬಟ್ಟೆ ಇನ್ನೊಂದನ್ನು ಮುಟ್ಟುವ ಕಡೆಗೆ. ಕೊರಳಿನ ಸುತ್ತ, ಮಣಿಕಟ್ಟಿನ ಬಳಿ, ಜಾಕೆಟ್ಟಿನ ತೆರೆದ ಅಂಚಿನ ಕೆಳಗೆ ಬಟ್ಟೆಗೆ ದಪ್ಪವಿದೆಯೇ, ಆ ದಪ್ಪಕ್ಕೆ ತಕ್ಕ ನೆರಳಿದೆಯೇ, ಆ ನೆರಳು ಫೋಟೊದಲ್ಲಿ ಮೊದಲೇ ಇದ್ದ ಬಿಸಿಲಿಗೆ ಹೊಂದುತ್ತದೆಯೇ ಎನ್ನುವುದರ ಮೇಲೆ ಇಡೀ ಚಿತ್ರದ ನಂಬಿಕೆ ನಿಂತಿರುತ್ತದೆ. ಈ ಲೇಖನ ಮುಖ್ಯವಾಗಿ ಆ ದಪ್ಪ ಮತ್ತು ಆ ನೆರಳಿನ ಕುರಿತದ್ದು.

ವಿಷಯವನ್ನು ಹಿಡಿತದಲ್ಲಿಡಲು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಬಳಸೋಣ. ಉಣ್ಣೆ ಬಟ್ಟೆ ಮಾರುವ ಬೆಂಗಳೂರಿನ ಚಿಕ್ಕ ಅಂಗಡಿಯೊಂದಕ್ಕೆ ಚಳಿಗಾಲದ ಸರಕು ಬರುವುದು ಅಕ್ಟೋಬರಿನಲ್ಲಿ. ಆದರೆ ಅವರ ಬಳಿ ಇರುವ ಒಳ್ಳೆಯ ಫೋಟೊ ಏಪ್ರಿಲ್ ಕೊನೆಯ ವಾರದಲ್ಲಿ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ, ಲಾಲ್‌ಬಾಗಿನ ತೆರೆದ ಜಾಗದಲ್ಲಿ ತೆಗೆದದ್ದು. ಅದರಲ್ಲಿ ಅರ್ಧ ತೋಳಿನ ಕೆನೆ ಬಣ್ಣದ ಕುರ್ತಾ ತೊಟ್ಟ ಯುವತಿಯೊಬ್ಬಳು ಹೆಚ್ಚುಕಡಿಮೆ ಸೂರ್ಯನ ಕಡೆಗೇ ಮುಖ ಮಾಡಿ ನಿಂತಿದ್ದಾಳೆ. ಬಿಸಿಲು ನಮ್ಮ ಎಡಗಡೆಯಿಂದ ಸ್ವಲ್ಪ ಓರೆಯಾಗಿ ಬೀಳುತ್ತಿದೆ, ಜಡೆ ಭುಜದ ಮೇಲಿಂದ ಮುಂದಕ್ಕೆ ಇಳಿದಿದೆ. ಅಂಗಡಿಯವರಿಗೆ ಇದೇ ಫೋಟೊದಿಂದ ಮೂರು ಚಿತ್ರಗಳು ಬೇಕು: ಸ್ವೆಟರ್ ಮಾತ್ರ ಇರುವುದು ಒಂದು, ಸ್ವೆಟರಿನ ಮೇಲೆ ಜಾಕೆಟ್ ಇರುವುದು ಇನ್ನೊಂದು, ಸ್ಕಾರ್ಫ್ ಸೇರಿ ಮೂರೂ ಇರುವುದು ಮತ್ತೊಂದು. ಒಂದೇ ಚಿತ್ರ ಸಾಕಾಗಿದ್ದರೆ ಮೂರನ್ನೂ ಒಟ್ಟಿಗೆ ತೊಟ್ಟ ಬೇರೊಬ್ಬರ ಫೋಟೊ ತೆಗೆದು ಕೊರಳು, ಮಣಿಕಟ್ಟು, ಸೊಂಟ ಇಷ್ಟನ್ನೇ ಕೂಡಿಸಬಹುದಿತ್ತು, ಬಟ್ಟೆಗಳ ನಡುವಿನ ನೆರಳು ತಾನಾಗಿಯೇ ಸಿಗುತ್ತಿತ್ತು. ಬೇರೆ ಬೇರೆ ಜೋಡಣೆ ಬೇಕೆಂದಾಗ ಪ್ರತಿ ಪದರವನ್ನೂ ಪ್ರತ್ಯೇಕವಾಗಿ ತಯಾರಿಸಿ, ನಡುವಿನ ನೆರಳನ್ನು ನಾವೇ ಕಟ್ಟಬೇಕಾಗುತ್ತದೆ.

ಮೊದಲು ಬಿಸಿಲನ್ನು ಓದಬೇಕು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಅದನ್ನು ಶೂನ್ಯ ನೆರಳಿನ ದಿನವೆಂದು ಶಾಲೆಗಳಲ್ಲೂ ತಾರಾಲಯದಲ್ಲೂ ಆಚರಿಸುತ್ತಾರೆ. ಅದೇ ದಿನಗಳಲ್ಲಿ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಸೂರ್ಯ ದಿಗಂತದಿಂದ ಸುಮಾರು 60 ಡಿಗ್ರಿ ಮೇಲಿರುತ್ತಾನೆ. ಫೋಟೊದಲ್ಲಿ ನೆಲದ ನೆರಳು ಕಂಡರೆ ಇದನ್ನು ಲೆಕ್ಕ ಹಾಕಿಯೂ ತಿಳಿಯಬಹುದು: 60 ಡಿಗ್ರಿ ಎತ್ತರದ ಬಿಸಿಲಿನಲ್ಲಿ ಒಂದು ಮೀಟರ್ ಉದ್ದದ ಕೋಲಿನ ನೆರಳು 58 ಸೆಂಟಿಮೀಟರ್ ಇರುತ್ತದೆ. ನೆಲ ಕಾಣದಿದ್ದರೆ ಮೂಗಿನ ನೆರಳು ನೋಡಿದರೆ ಸಾಕು. ನಮ್ಮ ಫೋಟೊದಲ್ಲಿ ಅದು ಮೇಲ್ದುಟಿಯ ಕಡೆಗೆ ಇಳಿದು ಸ್ವಲ್ಪ ಬಲಕ್ಕೆ ವಾಲಿದೆ, ಗಲ್ಲದ ಕೆಳಗೆ ಕೊರಳು ಪೂರ್ತಿ ನೆರಳಿನಲ್ಲಿದೆ. ಈ ಎರಡು ಸಂಗತಿಗಳನ್ನು ಮುಂದೆ ಹಾಕುವ ಪ್ರತಿಯೊಂದು ಬಟ್ಟೆಯೂ ಪಾಲಿಸಬೇಕು.

ಬಟ್ಟೆಗಳ ಫೋಟೊ ತೆಗೆಯುವಾಗ ಈ ಓದು ಉಪಯೋಗಕ್ಕೆ ಬರುತ್ತದೆ. ಹ್ಯಾಂಗರಿಗೆ ತೂಗುಹಾಕಿದ ಅಥವಾ ನೆಲದ ಮೇಲೆ ಹರಡಿದ ಜಾಕೆಟ್ಟಿನ ಚಿತ್ರವನ್ನು ತಂದು ಮನುಷ್ಯರ ಮೇಲೆ ಕೂರಿಸಲು ಹೊರಡುವುದೇ ಬಹಳಷ್ಟು ಸೋಲುಗಳ ಮೂಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹ್ಯಾಂಗರಿನ ಹೆಗಲು ಮನುಷ್ಯರ ಹೆಗಲಿನಂತಿರುವುದಿಲ್ಲ, ಹರಡಿದ ಬಟ್ಟೆಯಲ್ಲಿ ಎದೆಯ ಉಬ್ಬು ಇರುವುದಿಲ್ಲ, ಮಡಿಕೆಗಳು ಗುರುತ್ವಕ್ಕೆ ತಕ್ಕಂತೆ ಬಿದ್ದಿರುವುದಿಲ್ಲ. ಅದರ ಬದಲು ಅದೇ ಮೈಕಟ್ಟಿನ ಇನ್ನೊಬ್ಬರಿಗೆ ಬಟ್ಟೆ ತೊಡಿಸಿ, ಅದೇ ಭಂಗಿಯಲ್ಲಿ ನಿಲ್ಲಿಸಿ, ಕ್ಯಾಮೆರಾವನ್ನು ಅದೇ ಎತ್ತರದಲ್ಲಿ, ಅಷ್ಟೇ ದೂರದಲ್ಲಿ ಇಟ್ಟುಕೊಂಡು ಫೋಟೊ ತೆಗೆಯಬೇಕು. ತಿಂಗಳು ಬೇರೆಯಾದರೂ ತೊಂದರೆಯಿಲ್ಲ, ಬಿಸಿಲಿನ ಕೋನ ಅದೇ ಇರಬೇಕು. ಅಕ್ಟೋಬರ್ ನಡುವಿನಲ್ಲಿ ಬೆಂಗಳೂರಿನ ಸೂರ್ಯ 60 ಡಿಗ್ರಿಗೆ ಏರುವುದು ಹನ್ನೊಂದು ಗಂಟೆಗೆ ಸ್ವಲ್ಪ ಮೊದಲು. ಗಡಿಯಾರ ನೋಡುವುದಕ್ಕಿಂತ ಒಂದು ಮೀಟರ್ ಕೋಲು ನಿಲ್ಲಿಸಿ, ಅದರ ನೆರಳು 58 ಸೆಂಟಿಮೀಟರಿಗೆ ಬರುವ ಹೊತ್ತಿಗೆ ಕಾಯುವುದು ಸುಲಭ. ಸೂರ್ಯನ ದಿಕ್ಕು ಏಪ್ರಿಲ್‌ನಲ್ಲಿದ್ದುದಕ್ಕಿಂತ ದಕ್ಷಿಣಕ್ಕೆ ಸರಿದಿರುವುದರಿಂದ, ಮೂಗಿನ ನೆರಳು ಹಳೆಯ ಫೋಟೊದಲ್ಲಿರುವಂತೆ ಬೀಳುವವರೆಗೆ ತೊಟ್ಟವರನ್ನು ನಿಂತಲ್ಲೇ ತಿರುಗಿಸಬೇಕು. ನವೆಂಬರ್ ಎರಡನೆಯ ವಾರ ದಾಟಿದರೆ ಬೆಂಗಳೂರಿನಲ್ಲಿ ಈ ಕೋನ ದಿನದ ಯಾವ ಹೊತ್ತಿನಲ್ಲೂ ಸಿಗುವುದಿಲ್ಲ, ಆದ್ದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ.

ಜಾಕೆಟ್ಟಿನ ಫೋಟೊ ತೆಗೆಯುವಾಗ ಒಳಗೆ ಸ್ವೆಟರ್ ತೊಟ್ಟಿರಲೇಬೇಕು. ಬರಿಯ ಕುರ್ತಾದ ಮೇಲೆ ತೊಟ್ಟ ಜಾಕೆಟ್ ಜೋಲುತ್ತದೆ, ಸ್ವೆಟರಿನ ಮೇಲೆ ತೊಟ್ಟದ್ದು ಉಬ್ಬುತ್ತದೆ. ತೋಳಿನ ಮಡಿಕೆಗಳ ಸಂಖ್ಯೆ ಕಡಿಮೆಯಾಗಿ ಅವು ದುಂಡಗಾಗುತ್ತವೆ, ಕಂಕುಳಿನ ಬಳಿ ಬಟ್ಟೆ ಬಿಗಿಯುತ್ತದೆ. ಈ ವ್ಯತ್ಯಾಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಹುಟ್ಟಿಸುವುದು ಬಹಳ ಕಷ್ಟ. ಅದೇ ಕಾರಣಕ್ಕೆ ಸ್ಕಾರ್ಫನ್ನೂ ಜಾಕೆಟ್ಟಿನ ಕಾಲರಿನ ಮೇಲೆ ಸುತ್ತಿಯೇ ತೆಗೆಯಬೇಕು.

ಈಗ ಅಳತೆಯ ವಿಷಯ. ಮೂಲ ಫೋಟೊದಲ್ಲಿ ಯುವತಿಯ ತಲೆ, ಗಲ್ಲದಿಂದ ನೆತ್ತಿಯವರೆಗೆ, 440 ಪಿಕ್ಸೆಲ್ ಇದೆ ಎಂದುಕೊಳ್ಳೋಣ. ವಯಸ್ಕರ ತಲೆಯ ಎತ್ತರ ಸುಮಾರು 22 ಸೆಂಟಿಮೀಟರ್ ಎಂದು ಹಿಡಿದರೆ, ಈ ಫೋಟೊದಲ್ಲಿ ಒಂದು ಸೆಂಟಿಮೀಟರಿಗೆ 20 ಪಿಕ್ಸೆಲ್. ಈ ಒಂದು ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡರೆ ಮುಂದಿನ ಅರ್ಧದಷ್ಟು ಅನುಮಾನಗಳು ತೀರುತ್ತವೆ. ಸ್ವೆಟರಿನ ಹೆಣಿಗೆಯನ್ನೇ ತೆಗೆದುಕೊಳ್ಳಿ. ಮಧ್ಯಮ ದಪ್ಪದ ನೂಲಿನಲ್ಲಿ ಹೆಣೆದ ಸ್ವೆಟರಿನಲ್ಲಿ ಹತ್ತು ಸೆಂಟಿಮೀಟರ್ ಅಗಲಕ್ಕೆ 22ರ ಆಸುಪಾಸು ಕುಣಿಕೆಗಳಿರುತ್ತವೆ. ಹತ್ತು ಸೆಂಟಿಮೀಟರ್ ಎಂದರೆ ಇಲ್ಲಿ 200 ಪಿಕ್ಸೆಲ್, ಹಾಗಾಗಿ ಒಂದೊಂದು ಕುಣಿಕೆ ಒಂಬತ್ತು ಪಿಕ್ಸೆಲ್ ಅಗಲ ಬರಬೇಕು. ಕೂರಿಸಿದ ಸ್ವೆಟರಿನಲ್ಲಿ ಅದು ಹದಿಮೂರೋ ಹದಿನಾಲ್ಕೋ ಬಂದಿದ್ದರೆ, ಭುಜದ ಅಗಲ ಸರಿಹೋಗಲೆಂದು ಬಟ್ಟೆಯನ್ನು ಅತಿಯಾಗಿ ಹಿಗ್ಗಿಸಿದ್ದೀರಿ ಎಂದರ್ಥ. ನೋಡುವವರು ಕುಣಿಕೆಗಳನ್ನು ಎಣಿಸುವುದಿಲ್ಲ, ಆದರೆ ಮುಖದ ಪಕ್ಕದಲ್ಲಿ ಅಷ್ಟು ದೊಡ್ಡ ಹೆಣಿಗೆ ಕಂಡಾಗ ಹುಡುಗಿ ಗೊಂಬೆಯಷ್ಟು ಚಿಕ್ಕವಳಾಗಿ ತೋರುತ್ತಾಳೆ.

ದಪ್ಪವೂ ಇದೇ ಲೆಕ್ಕದಿಂದ ಬರುತ್ತದೆ. ಸ್ವೆಟರ್ ಮೈಗೆ ಅಂಟಿಕೊಂಡಿರುವುದಿಲ್ಲ. ಬಟ್ಟೆಯ ದಪ್ಪ ಮತ್ತು ಸಡಿಲ ಎರಡೂ ಸೇರಿ ಪಕ್ಕೆಯ ಒಂದೊಂದು ಬದಿಯಲ್ಲಿ ಒಂದೂವರೆ ಸೆಂಟಿಮೀಟರಿನಷ್ಟು ಹೊರಗೆ ನಿಲ್ಲುತ್ತದೆ, ಅಂದರೆ ಮೂವತ್ತು ಪಿಕ್ಸೆಲ್. ಅದರ ಮೇಲೆ ಹತ್ತಿ ತುಂಬಿದ ಜಾಕೆಟ್ ಬಂದರೆ ಇನ್ನೂ ಎರಡು ಸೆಂಟಿಮೀಟರ್, ಅಂದರೆ ನಲವತ್ತು ಪಿಕ್ಸೆಲ್. ಹೆಗಲಿನ ಮೇಲ್ಭಾಗದಲ್ಲಿ ಮಾತ್ರ ಬಟ್ಟೆ ತನ್ನ ಭಾರಕ್ಕೆ ಮೈಮೇಲೆಯೇ ಕೂರುವುದರಿಂದ ಎರಡೂ ಸೇರಿ ಒಂದು ಸೆಂಟಿಮೀಟರಿನಷ್ಟೇ ಏರಿಕೆ. ಇದರ ಪರಿಣಾಮವಾಗಿ ಕೊರಳು ಸ್ವಲ್ಪ ಗಿಡ್ಡವಾಗಿ ಕಾಣಬೇಕು, ತೋಳು ಮತ್ತು ಪಕ್ಕೆಯ ನಡುವೆ ಹಿಂದಿನ ಗಿಡಮರಗಳು ಕಾಣುತ್ತಿದ್ದ ಸಂದು ಕಿರಿದಾಗಬೇಕು ಅಥವಾ ಮುಚ್ಚಿಹೋಗಬೇಕು, ತೋಳುಗಳು ಮೈಯಿಂದ ಒಂದಿಷ್ಟು ದೂರ ಸರಿಯಬೇಕು. ಹೊಸಬರು ಇದರ ವಿರುದ್ಧವೇ ಮಾಡುವುದು ಹೆಚ್ಚು. ಕುರ್ತಾದ ಹೊರಗೆರೆಗೆ ಸರಿಯಾಗಿ ಜಾಕೆಟ್ಟನ್ನು ಕತ್ತರಿಸಿ ಕೂರಿಸಿದಾಗ ಅಂಚು ಅಚ್ಚುಕಟ್ಟಾಗಿರುತ್ತದೆ, ಆದರೆ ಜಾಕೆಟ್ ತೊಟ್ಟಂತೆ ಕಾಣುವುದಿಲ್ಲ, ಮೈಮೇಲೆ ಮುದ್ರಿಸಿದಂತೆ ಕಾಣುತ್ತದೆ.

ಕೂರಿಸುವ ಕೆಲಸವನ್ನು ಫೋಟೊಶಾಪ್‌ನಲ್ಲಿ ಮಾಡುತ್ತಿದ್ದೇವೆಂದು ಇಟ್ಟುಕೊಳ್ಳೋಣ. ಸ್ವೆಟರನ್ನು `Pen Tool`ನಿಂದ ಕತ್ತರಿಸಿ, ಮೂಲದ ಮೇಲೆ ಹೊಸ ಲೇಯರ್ ಆಗಿ ತಂದು, ಭುಜ, ಮೊಣಕೈ, ಮಣಿಕಟ್ಟುಗಳಲ್ಲಿ ಪಿನ್ ಇಟ್ಟು `Puppet Warp`ನಿಂದ ತೋಳನ್ನು ಯುವತಿಯ ತೋಳಿನ ದಿಕ್ಕಿಗೆ ಬಾಗಿಸಬೇಕು. ಅಂಗೈ ಮತ್ತು ಬೆರಳುಗಳು ಮೂಲದವೇ ಉಳಿಯುತ್ತವೆ. ಮೊಣಕೈ ಬಾಗಿದ್ದರೆ ಮಡಿಕೆಗಳು ಒಳಬಾಗಿನಿಂದ ಹೊರಟು ಹೊರಗೆ ಹರಡಬೇಕು. ನೇರ ತೋಳಿನ ಫೋಟೊವನ್ನು ಹದಿನೈದು ಇಪ್ಪತ್ತು ಡಿಗ್ರಿಗಿಂತ ಹೆಚ್ಚು ಬಾಗಿಸಿದರೆ ಮಡಿಕೆಯಿಲ್ಲದ ಕೊಳವೆಯಾಗುತ್ತದೆ, ಆಗ ಸರಿಯಾದ ಭಂಗಿಯಲ್ಲಿ ಇನ್ನೊಮ್ಮೆ ಫೋಟೊ ತೆಗೆಯುವುದೇ ಮೇಲು. ಕತ್ತರಿಸಿದ ಅಂಚನ್ನು ಎಲ್ಲ ಬಟ್ಟೆಗೂ ಒಂದೇ ರೀತಿ ಮೃದುಗೊಳಿಸಬಾರದು. ಉಣ್ಣೆಯ ಮೇಲೆ ಒಂದು ಮಿಲಿಮೀಟರಿನಷ್ಟು ರೋಮ ಎದ್ದಿರುತ್ತದೆ, ನಮ್ಮ ಅಳತೆಯಲ್ಲಿ ಅದು ಎರಡು ಪಿಕ್ಸೆಲ್. ಆದ್ದರಿಂದ ಸ್ವೆಟರ್ ಮತ್ತು ಸ್ಕಾರ್ಫಿನ ಅಂಚಿಗೆ `Select and Mask` ಬಳಸಿ ಆ ರೋಮವನ್ನು ಉಳಿಸಬೇಕು. ನೈಲಾನ್ ಜಾಕೆಟ್ಟಿನ ಅಂಚು ಅದಕ್ಕಿಂತ ಖಡಕ್ಕಾಗಿರಬೇಕು. ಎರಡು ಬಗೆಯ ಅಂಚುಗಳು ಅಕ್ಕಪಕ್ಕದಲ್ಲಿ ಬೇರೆಯಾಗಿಯೇ ಕಂಡಾಗ, ಇದು ಉಣ್ಣೆ, ಅದು ನೈಲಾನ್ ಎಂದು ಯಾರೂ ಹೇಳದೆಯೇ ತಿಳಿಯುತ್ತದೆ.

ಲೇಯರ್‌ಗಳ ಅನುಕ್ರಮದಲ್ಲಿ ಒಂದು ತೊಡಕಿದೆ. ಮೂಲ ಫೋಟೊ, ಅದರ ಮೇಲೆ ಸ್ವೆಟರ್, ಅದರ ಮೇಲೆ ಜಾಕೆಟ್, ಎಲ್ಲದರ ಮೇಲೆ ಸ್ಕಾರ್ಫ್ ಎಂದು ಸರಳವಾಗಿ ಪೇರಿಸಿದರೆ ಸ್ಕಾರ್ಫ್ ಕೊರಳ ಮುಂದೆ ತೂಗುತ್ತದೆಯೇ ಹೊರತು ಕೊರಳನ್ನು ಸುತ್ತುವುದಿಲ್ಲ. ಹಾಗಾಗಿ ಮೂಲದಿಂದ ತಲೆ, ಕೊರಳು ಮತ್ತು ಜಡೆಯನ್ನು ಕತ್ತರಿಸಿ ಪ್ರತ್ಯೇಕ ಲೇಯರ್ ಮಾಡಿಕೊಳ್ಳಬೇಕು, ಸ್ಕಾರ್ಫನ್ನು ಎರಡು ತುಂಡು ಮಾಡಬೇಕು. ಕೊರಳ ಹಿಂದೆ ಹಾದುಹೋಗುವ ತುಂಡು ತಲೆಯ ಲೇಯರಿನ ಕೆಳಗೆ, ಮುಂದೆ ಸುತ್ತಿದ ತುಂಡು ಅದರ ಮೇಲೆ. ಜಾಕೆಟ್ಟಿನ ಕಾಲರಿಗೂ ಇದೇ ಕ್ರಮ. ಮಣಿಕಟ್ಟಿನಲ್ಲಿ ಸ್ವೆಟರಿನ ಪಟ್ಟಿ ಜಾಕೆಟ್ ತೋಳಿನ ಒಳಗಿನಿಂದ ಒಂದೆರಡು ಸೆಂಟಿಮೀಟರ್ ಹೊರಗೆ ಇಣುಕಬೇಕು. ಆ ಚಿಕ್ಕ ಪಟ್ಟಿ ಕಂಡರೆ ಒಳಗೆ ಇಡೀ ಸ್ವೆಟರಿನ ತೋಳಿದೆ ಎಂದು ಕಣ್ಣು ನಂಬುತ್ತದೆ.

ಜಡೆಗೆ ಹೆಚ್ಚು ಗಮನ ಬೇಕು. ಅದು ಮೂಲದಲ್ಲಿ ತೆಳು ಕುರ್ತಾದ ಮೇಲೆ ಮಲಗಿದೆ. ಈಗ ಕೆಳಗೆ ಸ್ವೆಟರ್ ಮತ್ತು ಜಾಕೆಟ್ ಬಂದಿರುವುದರಿಂದ ಅದೂ ಹೊರಗೆ ತಳ್ಳಲ್ಪಟ್ಟಿರಬೇಕು, ಹಾಗೆಯೇ ಮೇಲ್ತುದಿಯಲ್ಲಿ ಸ್ಕಾರ್ಫಿನ ಕೆಳಗೆ ಹೋಗಬೇಕು ಅಥವಾ ಮೇಲೆ ಬರಬೇಕು. ಎರಡರಲ್ಲಿ ಯಾವುದೆಂದು ಮೊದಲೇ ತೀರ್ಮಾನಿಸಿ. ಸ್ಕಾರ್ಫ್ ಜಡೆಯ ಮೇಲ್ಭಾಗವನ್ನು ಒತ್ತಿ ಹಿಡಿದು, ಜಡೆ ಅದರ ಕೆಳಗಿನಿಂದ ಹೊರಬಂದು ಜಾಕೆಟ್ಟಿನ ಮೇಲೆ ಇಳಿಯುವುದು ನನಗೆ ಹೆಚ್ಚು ಸಹಜವಾಗಿ ಕಂಡಿದೆ, ಏಕೆಂದರೆ ಜಡೆ ಹಾಕಿಕೊಂಡವರು ಸ್ಕಾರ್ಫ್ ಸುತ್ತಿಕೊಳ್ಳುವಾಗ ಆಗುವುದು ಸಾಮಾನ್ಯವಾಗಿ ಅದೇ. ಜಡೆಯ ಅಂಚಿನ ಬಿಡಿ ಕೂದಲುಗಳ ನಡುವೆ ಕೆನೆ ಬಣ್ಣದ ಕುರ್ತಾ ಇಣುಕುತ್ತಿರುತ್ತದೆ, ಕಡುಬಣ್ಣದ ಜಾಕೆಟ್ಟಿನ ಮೇಲೆ ಅದು ಬಿಳಿಯ ಚುಕ್ಕಿಗಳಂತೆ ಎದ್ದು ಕಾಣುತ್ತದೆ. ಇದಕ್ಕೆ ಒಂದು ಒಳ್ಳೆಯ ಉಪಾಯವಿದೆ. ಆ ಬಿಡಿ ಕೂದಲಿನ ಭಾಗವನ್ನು ಮಾತ್ರ ಬೇರೆ ಲೇಯರ್ ಮಾಡಿ, `Levels`ನಿಂದ ಕುರ್ತಾದ ಬಣ್ಣ ಪೂರ್ತಿ ಬಿಳಿಯಾಗುವವರೆಗೆ ಏರಿಸಿ, ಅದು ಕೆಳಗಿನ ಲೇಯರಿನೊಂದಿಗೆ ಬೆರೆಯುವ ಬಗೆಯನ್ನು `Multiply`ಗೆ ಬದಲಿಸಿದರೆ ಬಿಳಿ ಮಾಯವಾಗಿ ಕಪ್ಪು ಕೂದಲಷ್ಟೇ ಉಳಿಯುತ್ತದೆ. ಜಾಕೆಟ್ ಕೂದಲಿನಷ್ಟೇ ಕಪ್ಪಾಗಿದ್ದರೆ ಈ ಉಪಾಯದಿಂದ ಪ್ರಯೋಜನವಿಲ್ಲ; ಆಗ ಬಿಡಿ ಕೂದಲನ್ನು ಅಳಿಸಿ, ಬಿಸಿಲು ತಾಗುವ ಕಡೆ ಮೂರು ನಾಲ್ಕು ಎಳೆಗಳನ್ನು ಸಣ್ಣ ಕುಂಚದಿಂದ ಬಿಡಿಸಿದರೆ ಸಾಕು.

ಇನ್ನು ನೆರಳು. ಹೆಚ್ಚಿನವರು ಇಲ್ಲಿ ಲೇಯರಿಗೆ `Drop Shadow` ಹಾಕಿ ಮುಗಿಸುತ್ತಾರೆ. ಅದು ಅಂಚಿನ ಸುತ್ತ ಮಸುಕಾದ ಕಪ್ಪು ಹೊಗೆಯಂತೆ ಹರಡುತ್ತದೆ, ಮೋಡ ಕವಿದ ದಿನದ ಫೋಟೊದಲ್ಲಿ ಒಂದಿಷ್ಟು ನಡೆದೀತು, ಬಿಸಿಲಿನ ಫೋಟೊದಲ್ಲಿ ತಪ್ಪು. ಕಾರಣ ಸೂರ್ಯನ ಗಾತ್ರದಲ್ಲಿದೆ. ಆಕಾಶದಲ್ಲಿ ಸೂರ್ಯ ಕಾಣುವುದು ಅರ್ಧ ಡಿಗ್ರಿ ಅಗಲವಾಗಿ ಮಾತ್ರ, ಆದ್ದರಿಂದ ನೆರಳಿನ ಅಂಚು ಮಸುಕಾಗುವ ಅಗಲ ನೆರಳು ಕ್ರಮಿಸಿದ ದೂರದ ನೂರರಲ್ಲಿ ಒಂದು ಭಾಗದಷ್ಟು. ಜಾಕೆಟ್ಟಿನ ಅಂಚು ಸ್ವೆಟರಿನಿಂದ ಎರಡು ಸೆಂಟಿಮೀಟರ್ ಎತ್ತರದಲ್ಲಿದ್ದು, ಅದರ ನೆರಳು ನಾಲ್ಕು ಸೆಂಟಿಮೀಟರ್ ದೂರ ಸಾಗಿ ಬಿದ್ದರೂ ಮಸುಕು ಅರ್ಧ ಮಿಲಿಮೀಟರನ್ನು ಮುಟ್ಟುವುದಿಲ್ಲ. ನಮ್ಮ ಫೋಟೊದಲ್ಲಿ ಅದು ಒಂದು ಪಿಕ್ಸೆಲ್ಲಿಗಿಂತ ಕಡಿಮೆ. ಉಣ್ಣೆಯ ರೋಮದಿಂದ ಅಂಚು ಒಂದಿಷ್ಟು ಮುರಿಯುತ್ತದೆ ಎಂದಿಟ್ಟುಕೊಂಡರೂ `Gaussian Blur` ಒಂದೆರಡು ಪಿಕ್ಸೆಲ್ಲಿಗಿಂತ ಹೆಚ್ಚು ಬೇಡ. ಮೂಲದಲ್ಲಿ ಜಡೆ ಕುರ್ತಾದ ಮೇಲೆ ಚೆಲ್ಲಿರುವ ನೆರಳಿನ ಅಂಚನ್ನು ದೊಡ್ಡದು ಮಾಡಿ ನೋಡಿದರೆ ಇದಕ್ಕೆ ಅಲ್ಲೇ ಸಾಕ್ಷಿ ಸಿಗುತ್ತದೆ.

ನೆರಳು ಎಷ್ಟು ದೂರ ಬೀಳುತ್ತದೆ ಎನ್ನುವುದನ್ನೂ ಊಹಿಸಬೇಕಾಗಿಲ್ಲ. ಎದೆಯನ್ನು ನೆಟ್ಟಗೆ ನಿಂತ ಗೋಡೆಯೆಂದುಕೊಂಡರೆ, 60 ಡಿಗ್ರಿ ಬಿಸಿಲಿನಲ್ಲಿ ಮುಂಚಾಚಿದ ವಸ್ತುವಿನ ನೆರಳು ಅದರ ಚಾಚಿನ 1.7 ಪಟ್ಟು ಕೆಳಗೆ ಇಳಿಯುತ್ತದೆ. ಸ್ಕಾರ್ಫಿನ ಸುತ್ತು ಎದೆಯಿಂದ ಎರಡು ಸೆಂಟಿಮೀಟರ್ ಮುಂದೆ ನಿಂತಿದ್ದರೆ ಅದರ ನೆರಳು ಮೂರೂವರೆ ಸೆಂಟಿಮೀಟರ್, ಅಂದರೆ ಎಪ್ಪತ್ತು ಪಿಕ್ಸೆಲ್ ಕೆಳಗಿನವರೆಗೆ ಇರಬೇಕು. ಇದು ಅನೇಕರು ಧೈರ್ಯ ಮಾಡುವುದಕ್ಕಿಂತ ದೊಡ್ಡ ನೆರಳು. ಆದರೆ ಜಾಕೆಟ್ಟಿನ ಲಂಬವಾದ ತೆರೆದ ಅಂಚಿನ ನೆರಳು ತೀರ ಕಿರಿದು: ಬಿಸಿಲು ಇಪ್ಪತ್ತು ಡಿಗ್ರಿಯಷ್ಟೇ ಓರೆಯಾಗಿದ್ದರೆ, ಒಂದೂವರೆ ಸೆಂಟಿಮೀಟರ್ ಎತ್ತರದ ಅಂಚಿನ ನೆರಳು ಪಕ್ಕಕ್ಕೆ ಚೆಲ್ಲುವುದು ಅರ್ಧ ಸೆಂಟಿಮೀಟರ್, ಸುಮಾರು ಹನ್ನೊಂದು ಪಿಕ್ಸೆಲ್. ಅದೂ ಒಂದು ಬದಿಯಲ್ಲಿ ಮಾತ್ರ. ಬಿಸಿಲು ನಮ್ಮ ಎಡಗಡೆಯಿಂದ ಬರುತ್ತಿರುವುದರಿಂದ ಜಾಕೆಟ್ಟಿನ ಎಡಗಡೆಯ ಹೋಳು ಸ್ವೆಟರಿನ ಮೇಲೆ ನೆರಳು ಚೆಲ್ಲುತ್ತದೆ, ಬಲಗಡೆಯ ಹೋಳಿನ ಅಂಚು ಬಿಸಿಲಿಗೆ ಎದುರಾಗಿ ಬೆಳಗುತ್ತದೆ, ಅದರ ಪಕ್ಕದ ಸ್ವೆಟರಿನ ಮೇಲೆ ಬಿಸಿಲಿನ ನೆರಳು ಇರುವುದಿಲ್ಲ. ಎರಡೂ ಹೋಳುಗಳ ಒಳಬದಿಗೆ ಸಮನಾಗಿ ಕಪ್ಪು ಬಳಿದ ಚಿತ್ರವನ್ನು ನೋಡಿದ ಕೂಡಲೇ ಏನೋ ಸರಿಯಿಲ್ಲ ಎನಿಸುವುದು ಈ ಕಾರಣಕ್ಕೆ.

ನೆರಳಿನ ಬಣ್ಣ ಕಪ್ಪಲ್ಲ. ಬಿಸಿಲು ಮರೆಯಾದ ಕಡೆಗೂ ನೀಲಿ ಆಕಾಶದ ಬೆಳಕು ತಲುಪುತ್ತಿರುತ್ತದೆ, ಹಾಗಾಗಿ ನೆರಳಿನಲ್ಲಿ ಕೆಂಪು ಹೆಚ್ಚು ಕುಗ್ಗುತ್ತದೆ, ನೀಲಿ ಕಡಿಮೆ ಕುಗ್ಗುತ್ತದೆ. ಎಷ್ಟು ಎನ್ನುವುದನ್ನು ಮೂಲ ಫೋಟೊದಿಂದಲೇ ಅಳೆಯಬಹುದು. `Eyedropper`ನ ಅಳತೆಯನ್ನು `5 by 5 Average`ಗೆ ಇಟ್ಟುಕೊಂಡು, ಕುರ್ತಾದ ಬಿಸಿಲು ಬಿದ್ದ ಭಾಗವನ್ನೂ ಅದರ ಪಕ್ಕದಲ್ಲೇ ಜಡೆಯ ನೆರಳು ಬಿದ್ದ ಭಾಗವನ್ನೂ ಓದಬೇಕು. ಬಿಸಿಲಿನಲ್ಲಿ ಕೆಂಪು 236, ಹಸಿರು 230, ನೀಲಿ 220 ಇದ್ದು, ನೆರಳಿನಲ್ಲಿ ಕ್ರಮವಾಗಿ 118, 120, 124 ಇದ್ದರೆ, ಉಳಿದ ಪಾಲು 0.50, 0.52, 0.56. ಇವುಗಳನ್ನು 255ರಿಂದ ಗುಣಿಸಿದರೆ 128, 133, 144 ಎಂಬ ತುಸು ನೀಲಿ ಛಾಯೆಯ ಬೂದು ಬಣ್ಣ ಬರುತ್ತದೆ. ಸ್ವೆಟರಿನ ಮೇಲೆ ಒಂದು ಹೊಸ ಲೇಯರ್ ಇಟ್ಟು, `Create Clipping Mask`ನಿಂದ ಅದನ್ನು ಸ್ವೆಟರಿಗಷ್ಟೇ ಕಟ್ಟಿಹಾಕಿ, ಬಗೆಯನ್ನು `Multiply`ಗೆ ಬದಲಿಸಿ, ನೆರಳಿನ ಆಕಾರದಲ್ಲಿ ಈ ಬಣ್ಣವನ್ನೇ ತುಂಬಬೇಕು. ಆಗ ಕೆಳಗಿನ ಹೆಣಿಗೆ ನೆರಳಿನೊಳಗೂ ಕಾಣುತ್ತದೆ, ಹೊಸ ನೆರಳಿನ ಗಾಢತೆ ಹಳೆಯ ಜಡೆಯ ನೆರಳಿನ ಗಾಢತೆಗೆ ಸಮನಾಗುತ್ತದೆ. ಕುರ್ತಾದ ಬಿಸಿಲು ಭಾಗ 255ಕ್ಕೆ ತಾಗಿ ಬೆಳ್ಳಗಾಗಿಹೋಗಿದ್ದರೆ ಮಾತ್ರ ಈ ಅಳತೆ ನಂಬುವಂತಿಲ್ಲ. ಆಗ ಸ್ವಲ್ಪ ಕಡುಬಣ್ಣದ ಬೇರೆ ಯಾವುದಾದರೂ ವಸ್ತುವಿನ ಮೇಲೆ ಬಿಸಿಲು-ನೆರಳಿನ ಜೋಡಿಯನ್ನು ಹುಡುಕಬೇಕು. ಕೊರಳಿನ ಚರ್ಮವನ್ನು ನಾನು ಇದಕ್ಕೆ ಬಳಸುವುದಿಲ್ಲ, ಏಕೆಂದರೆ ಗಲ್ಲದ ಕೆಳಗಿನ ನೆರಳಿನಲ್ಲಿ ಚರ್ಮದಿಂದ ಚರ್ಮಕ್ಕೆ ಚಿಮ್ಮುವ ಬೆಚ್ಚನೆಯ ಬೆಳಕು ಬೆರೆತು ಸಂಖ್ಯೆಗಳನ್ನು ಕೆಡಿಸುತ್ತದೆ.

ಇದರ ಜೊತೆಗೆ ಎರಡನೆಯ ಬಗೆಯ ನೆರಳೊಂದಿದೆ. ಎರಡು ಬಟ್ಟೆಗಳು ಕೂಡುವ ಸಂದಿಗೆ ಬಿಸಿಲು ಹೋಗಲಿ, ಆಕಾಶದ ಬೆಳಕೂ ತಲುಪುವುದಿಲ್ಲ. ಅಲ್ಲಿ ಎರಡರಿಂದ ನಾಲ್ಕು ಪಿಕ್ಸೆಲ್ ಅಗಲದ ಗಾಢ ಗೆರೆ ಇದ್ದು, ಅದು ಹೊರಗೆ ಹೋದಂತೆ ಕ್ರಮೇಣ ತಿಳಿಯಾಗುತ್ತದೆ. ಇದು ಸೂರ್ಯನ ದಿಕ್ಕನ್ನು ಲೆಕ್ಕಿಸುವುದಿಲ್ಲ, ಬಲಗಡೆಯ ಹೋಳಿನ ಕೆಳಗೂ ಇರುತ್ತದೆ, ಮಣಿಕಟ್ಟಿನಲ್ಲಿ ಜಾಕೆಟ್ ತೋಳಿನ ಬಾಯೊಳಗೆ ಎಲ್ಲಕ್ಕಿಂತ ಹೆಚ್ಚಾಗಿರುತ್ತದೆ. ಇದನ್ನು ಬೇರೆಯದೇ `Multiply` ಲೇಯರಿನಲ್ಲಿ, ಮೃದುವಾದ ಸಣ್ಣ ಕುಂಚದಿಂದ, ಕಡಿಮೆ ಒತ್ತಡದಲ್ಲಿ ಬಳಿಯಬೇಕು. ಮೊದಲಿನ ನೆರಳು ಇಲ್ಲದಿದ್ದರೆ ಬಟ್ಟೆ ಬಿಸಿಲಿನಲ್ಲಿದೆ ಎನಿಸುವುದಿಲ್ಲ, ಎರಡನೆಯದು ಇಲ್ಲದಿದ್ದರೆ ಬಟ್ಟೆ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತದೆ.

ಗಲ್ಲದ ಕೆಳಗಿನ ಭಾಗಕ್ಕೆ ಮರಳಿ ಬರಬೇಕು, ಏಕೆಂದರೆ ಬಟ್ಟೆ ಬದಲಾದರೆ ಮುಖದ ಬೆಳಕೂ ಬದಲಾಗುತ್ತದೆ. ಕೆನೆ ಬಣ್ಣದ ಕುರ್ತಾ ಬಿಸಿಲನ್ನು ಮೇಲಕ್ಕೆ ಚಿಮ್ಮಿಸಿ ಗಲ್ಲದ ಅಡಿಯನ್ನೂ ದವಡೆಯನ್ನೂ ಬೆಳಗಿಸುತ್ತಿತ್ತು. ಈಗ ಅಲ್ಲಿ ಕಡುಗೆಂಪು ಸ್ಕಾರ್ಫ್ ಇದೆ. ಅದು ಅಷ್ಟು ಬೆಳಕನ್ನು ಹಿಂದಿರುಗಿಸುವುದಿಲ್ಲ, ಹಿಂದಿರುಗಿಸಿದಷ್ಟೂ ಕೆಂಪಾಗಿರುತ್ತದೆ. ತಲೆಯ ಲೇಯರಿಗೆ ಒಂದು `Curves` ಲೇಯರನ್ನು ಕಟ್ಟಿ, ದವಡೆಯ ಅಡಿಗೆ ಮಾತ್ರ ತಾಗುವಂತೆ ಅದರ `Layer Mask` ಬಿಡಿಸಿ, ತುಸು ಗಾಢಗೊಳಿಸಿ, ಹಸಿರು ಮತ್ತು ನೀಲಿಯನ್ನು ಒಂದಿಷ್ಟು ಇಳಿಸಿದರೆ ಸ್ಕಾರ್ಫ್ ಥಟ್ಟನೆ ಆ ಕೊರಳಿಗೇ ಸೇರಿದ್ದಾಗುತ್ತದೆ. ಬೇರೆ ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ತಲೆ ಬೇರೆ, ಉಡುಪು ಬೇರೆ ಎನಿಸುತ್ತಿದ್ದರೆ, ನಾನು ಮೊದಲು ನೋಡುವ ಜಾಗ ಇದು. ಈ ಬದಲಾವಣೆ ಕಣ್ಣಿಗೆ ಬದಲಾವಣೆಯೆಂದು ತೋರುವಷ್ಟು ಹೆಚ್ಚಾಗಬಾರದು.

ಸ್ವೆಟರಿನ ಕೆಳ ಅಂಚಿನಲ್ಲಿ ಕುರ್ತಾ ಹೊರಬರುವ ಜಾಗಕ್ಕೂ ಇದೇ ತರ್ಕ ಅನ್ವಯಿಸುತ್ತದೆ. ಸ್ವೆಟರಿನ ಪಟ್ಟಿ ಬಿಗಿಯಾಗಿ ಹಿಡಿಯುವುದರಿಂದ ಕುರ್ತಾ ಅದರ ಕೆಳಗೆ ಸಣ್ಣ ನೆರಿಗೆಗಳಾಗಿ ಹೊರಡಬೇಕು. ಮೂಲದ ಸಡಿಲ ಕುರ್ತಾ ಹಾಗೆಯೇ ಅಗಲವಾಗಿ ಮುಂದುವರಿದರೆ ಪಟ್ಟಿಗೆ ಬಿಗಿಯೇ ಇಲ್ಲವೆಂದಾಗುತ್ತದೆ. `Liquify`ನಿಂದ ಎರಡೂ ಬದಿಯನ್ನು ಒಳಕ್ಕೆ ತಳ್ಳಿ, ಸ್ವೆಟರ್ ತೊಟ್ಟವರ ಫೋಟೊದಿಂದಲೇ ನೆರಿಗೆಗಳನ್ನು ತೆಗೆದುಕೊಳ್ಳುವುದು ಸರಿಯಾದ ದಾರಿ. ಅವರಿಗೂ ಒಳಗೆ ಕುರ್ತಾ ತೊಡಿಸಿ ಎಂದು ಹೇಳುವುದು ಇದಕ್ಕಾಗಿಯೇ.

ಋತುವಿನ ಗುರುತುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಡಿಸೆಂಬರಿನಲ್ಲೂ ಮರಗಳು ಹಸಿರಾಗಿಯೇ ಇರುವುದರಿಂದ ಹಿನ್ನೆಲೆಯ ಹಸಿರನ್ನು ಮುಟ್ಟುವ ಅಗತ್ಯವಿಲ್ಲ, ಹಿಮ, ಮಂಜುಗಳನ್ನು ತರುವುದಂತೂ ಬೇಡವೇ ಬೇಡ. ಆದರೆ ಕೆಂಪಗೆ ಅರಳಿ ನಿಂತ ಗುಲ್‌ಮೊಹರ್ ಹಿನ್ನೆಲೆಯಲ್ಲಿದ್ದರೆ ಅದು ಬೇಸಿಗೆಯೆಂದು ಸಾರಿಬಿಡುತ್ತದೆ, ಅದನ್ನು ತೆಗೆಯಬೇಕು. ಹಣೆಯ ಮೇಲಿನ ಬೆವರಿನ ಮಿನುಗನ್ನು ತಗ್ಗಿಸಬೇಕು. ನೆಲದ ಮೇಲಿನ ನೆರಳು ಎರಡು ರೀತಿಯಲ್ಲಿ ತೊಂದರೆ ಕೊಡುತ್ತದೆ: ಅದು ಜಾಕೆಟ್ಟಿಲ್ಲದ ತೆಳು ಮೈಯ ನೆರಳು, ಮೇಲಾಗಿ ಡಿಸೆಂಬರಿಗೆ ತೀರ ಗಿಡ್ಡ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸೂರ್ಯ ಮಧ್ಯಾಹ್ನಕ್ಕೂ 54 ಡಿಗ್ರಿಯನ್ನು ದಾಟುವುದಿಲ್ಲ, ಮನುಷ್ಯರ ನೆರಳು ಅವರ ಎತ್ತರದ ಸುಮಾರು ಮುಕ್ಕಾಲು ಭಾಗಕ್ಕಿಂತ ಹೆಚ್ಚು ಗಿಡ್ಡವಾಗುವುದಿಲ್ಲ. ನಮ್ಮ ಫೋಟೊದಲ್ಲಿ ಅದು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ನೆಲದ ನೆರಳನ್ನು ಹೊಸದಾಗಿ ಬಿಡಿಸಿ ಉದ್ದ ಮಾಡಿದರೆ ಮುಖದ ನೆರಳಿನ ಕೋನಕ್ಕೆ ಅದು ತಾಳೆಯಾಗುವುದಿಲ್ಲ. ಆದ್ದರಿಂದ ಚಿತ್ರವನ್ನು ಸೊಂಟದ ಕೆಳಗೆ, ಕುರ್ತಾದ ನೆರಿಗೆಗಳು ಒಂದಿಷ್ಟು ಕಾಣುವಷ್ಟು ಉಳಿಸಿಕೊಂಡು, ಕತ್ತರಿಸುವುದೇ ಸರಿ.

ಕೊನೆಗೆ ಎಲ್ಲ ಲೇಯರ್‌ಗಳ ಮೇಲೆ ತಾತ್ಕಾಲಿಕವಾಗಿ ಒಂದು `Curves` ಇಟ್ಟು, ಗೆರೆಯನ್ನು ಕಡಿದಾಗಿಸಿ ನೋಡಬೇಕು. ಮೂಲ ಫೋಟೊದ ಅತಿ ಗಾಢ ಭಾಗಕ್ಕಿಂತ ಜಾಕೆಟ್ಟಿನ ಕಪ್ಪು ಹೆಚ್ಚು ಗಾಢವಾಗಿದ್ದರೆ, ಅಥವಾ ತಿಳಿಯಾಗಿ ತೇಲುತ್ತಿದ್ದರೆ, ಈ ಪರೀಕ್ಷೆಯಲ್ಲಿ ಅದು ಅಡಗಿಕೊಳ್ಳಲಾರದು. ನಂತರ 100 ಪ್ರತಿಶತಕ್ಕೆ ಹಿಗ್ಗಿಸಿ, ಚರ್ಮದ ಮೇಲೆ ಕಾಣುವ ಸಣ್ಣ ಕಾಳುಕಾಳಾದ ಚುಕ್ಕೆಗಳು ಸ್ವೆಟರಿನ ನೆರಳು ಭಾಗದಲ್ಲೂ ಇವೆಯೇ ಎಂದು ನೋಡಿ, ಇಲ್ಲದಿದ್ದರೆ `Add Noise`ನಿಂದ ಅಷ್ಟೇ ಪ್ರಮಾಣದಲ್ಲಿ ಸೇರಿಸಬೇಕು. ಫೋಟೊಶಾಪ್‌ನಲ್ಲಿ ಚಿತ್ರವನ್ನು ಅಡ್ಡಕ್ಕೆ ಮಗುಚಿ ನೋಡಿದರೆ, ಅಷ್ಟು ಹೊತ್ತಿನಿಂದ ನೋಡಿ ನೋಡಿ ಒಗ್ಗಿಹೋಗಿದ್ದ ಕಣ್ಣಿಗೆ ವಾಲಿದ ಕಾಲರು, ತಪ್ಪು ಬದಿಯ ನೆರಳು ಕೂಡಲೇ ಸಿಕ್ಕಿಬೀಳುತ್ತವೆ. ಮೂರು ಚಿತ್ರಗಳನ್ನು ಬೇರೆ ಬೇರೆಯಾಗಿ ಉಳಿಸುವಾಗ, ಜಾಕೆಟ್ಟಿನ ಲೇಯರನ್ನು ಮರೆಮಾಡಿದಾಗ ಸ್ವೆಟರಿನ ಮೇಲೆ ಅದು ಚೆಲ್ಲಿದ್ದ ಎರಡೂ ಬಗೆಯ ನೆರಳುಗಳನ್ನೂ ತಪ್ಪದೆ ಹುಡುಕಿ ಮರೆಮಾಡಲು ಆಗುವಂತೆ, ಪ್ರತಿ ಬಟ್ಟೆಯನ್ನೂ ಅದು ಕೆಳಗಿನ ಪದರಗಳ ಮೇಲೆ ಚೆಲ್ಲುವ ನೆರಳನ್ನೂ ಒಂದೇ ಹೆಸರಿನಿಂದ ಗುರುತಿಸಿಟ್ಟಿರಬೇಕು. ಸ್ಕಾರ್ಫ್ ಇಲ್ಲದ ಚಿತ್ರದಲ್ಲಿ ದವಡೆಯ ಕೆಂಪು ಛಾಯೆಯನ್ನು ತೆಗೆಯಲು ಮರೆಯಬಾರದು.